ನಾಲ್ಕು ಖಾಲಿ ಮನಿ

ಮಗಳಿಗೆ ಲೆಕ್ಕ ಕೇಳುವ ಅಪ್ಪಂದಿರ ಪರಂಪರೆ ನಮ್ಮ ಜಿಲ್ಲೆಯಲ್ಲಿ ಹಳೆಯದು. ಭಾಸ್ಕರಾಚಾರ್ಯರು 1150ರಲ್ಲಿ ‘ಲೀಲಾವತಿ’ ಬರೆದರು, ಲೀಲಾವತಿ ಅವರ ಮಗಳು ಎಂಬುದು ಐತಿಹ್ಯ. ಅವರ ಊರಾದ ವಿಜ್ಜಡವಿಡವೇ ಇಂದಿನ ವಿಜಯಪುರ ಎಂದು ನಾವು ಎದೆ ತಟ್ಟಿಕೊಳ್ಳುತ್ತೇವೆ. ಅಲ್ಲ, ಅದು ನಮ್ಮ ಕಡೆಯದು ಎಂದು ಮಹಾರಾಷ್ಟ್ರದವರೂ ಎದೆ ತಟ್ಟಿಕೊಳ್ಳುತ್ತಾರೆ. ಆ ಜಗಳ ನನಗೆ ಬೇಡ. ನನಗೆ ಹೊಟ್ಟೆಕಿಚ್ಚಿರುವುದು ಒಂದೇ ವಿಷಯಕ್ಕೆ: ಆ ಪುಸ್ತಕದ ತುಂಬ ಅಪ್ಪ ಕೇಳುತ್ತಾ ಹೋಗುತ್ತಾರೆ, ಲೀಲಾವತಿ ಒಮ್ಮೆಯೂ ತಿರುಗಿ ಕೇಳುವುದಿಲ್ಲ.

ನನ್ನ ಮಗಳು ಒಂದನೆಯ ತರಗತಿ. ವಾಟ್ಸ್ಯಾಪಿನಲ್ಲಿ ಐದು ಮನೆ, ಐದು ಬಣ್ಣ, ಜೀಬ್ರಾ ಯಾರದು ಎಂಬ ಒಗಟು ಬಂದಾಗ, ಐನ್‌ಸ್ಟೈನ್ ಚಿಕ್ಕಂದಿನಲ್ಲಿ ಮಾಡಿದ್ದು ಎಂಬ ಒಕ್ಕಣೆ ನೋಡಿ ಈಕೆಗೂ ಚಿಕ್ಕಂದಿನಲ್ಲೇ ಶುರು ಮಾಡಿಸೋಣ ಎನಿಸಿತು. (ಐನ್‌ಸ್ಟೈನರಿಗೆ ಅದನ್ನು ಅಂಟಿಸಲು ಆಧಾರವೇನೂ ಇಲ್ಲ. ಅದು 1962ರ ಡಿಸೆಂಬರಿನಲ್ಲಿ ‘ಲೈಫ್ ಇಂಟರ್‌ನ್ಯಾಷನಲ್’ ಪತ್ರಿಕೆಯಲ್ಲಿ ಅಚ್ಚಾಗಿತ್ತು.) ಅದು ನನಗೇ ಬಿಡಿಸಲಾಗಲಿಲ್ಲವಾದ್ದರಿಂದ, ಚಿಕ್ಕದೊಂದನ್ನು ನಾನೇ ಹೆಣೆದೆ.

ಅವತ್ತು ಬೆಳಿಗ್ಗೆ ನಮ್ಮ ಮನೆಯಿಂದ ಮೂವರು ಊರಿಗೆ ಹೊರಟಿದ್ದರು. ಕಾಕಾ, ಮಾವ, ಅತ್ತಿ. ಇಂಡಿಗೆ ಒಬ್ಬರು, ಸಿಂದಗಿಗೆ ಒಬ್ಬರು, ಮುದ್ದೇಬಿಹಾಳಕ್ಕೆ ಒಬ್ಬರು. ಯಾರು ಎಲ್ಲಿಗೆ? ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಒಂಬತ್ತು ಮನಿ ಗೀಚಿದೆ. ಎಡಕ್ಕೆ ಮಂದಿ, ಮೇಲೆ ಊರು. ಹೌದಾದರೆ ರೈಟ್, ಅಲ್ಲವಾದರೆ ಇಂಟು. ಮೂರು ಸುಳಿವು: ಮಾವ ಮುದ್ದೇಬಿಹಾಳಕ್ಕೆ ಹೋಗಿಲ್ಲ. ಕಾಕಾ ಮುದ್ದೇಬಿಹಾಳಕ್ಕೆ ಹೋಗಿಲ್ಲ. ಅತ್ತಿ ಸಿಂದಗಿಗೆ ಹೋಗಿಲ್ಲ.

ಉತ್ತರ ಹೇಳಬಾರದು, ಪ್ರಶ್ನೆ ಮಾತ್ರ ಕೇಳಬೇಕು ಎಂದು ಮನಸ್ಸಿಗೆ ಲಗಾಮು ಹಾಕಿಕೊಂಡೆ.

“ಮೊದಲನೇ ಸುಳಿವು ಯಾರ ಬಗ್ಗೆ ಐತಿ ಅವ್ವಿ?”

“ಮಾವನ ಬಗ್ಗೆ. ಮಾವ ಇಂಡಿಗಿ ಹೋಗ್ಯಾನ.”

“ಹಂಗಂತ ಎಲ್ಲಿ ಬರ್ದೈತಿ?”

“ಮಾವಗ ಇಂಡ್ಯಾಗ ದೋಸ್ತರು ಅದಾರ.”

ಗೊತ್ತಿರುವ ಮಂದಿಯನ್ನು ಒಗಟಿಗೆ ಕರೆತಂದರೆ ಆಗುವುದೇ ಹೀಗೆ. ಮಗುವಿಗೆ ಆಸಕ್ತಿ ಬರುತ್ತದೆ, ಜೊತೆಗೆ ಅವರ ದೋಸ್ತರೂ ಬರುತ್ತಾರೆ. “ಸುಳಿವಿನ್ಯಾಗ ಇದ್ದದ್ದು ಅಷ್ಟ. ಉಳದದ್ದು ನಮಗ ಗೊತ್ತಿಲ್ಲ ಅಂತ ಆಟ” ಎಂದೆ. ಒಪ್ಪಿದಳು. ಮಾವನ ಸಾಲು, ಮುದ್ದೇಬಿಹಾಳದ ಕಂಬ ಕೂಡುವ ಮನಿಗೆ ಬೆರಳಿಟ್ಟಳು. ಆದರೆ ಇಂಟು ಹಾಕಲೊಲ್ಲಳು.

“ಯಾಕ?”

“ಇಂಟು ಹಾಕಿದ್ರ ತಪ್ಪು ಅಂತ. ನಾ ಏನ ತಪ್ಪು ಮಾಡೀನಿ?”

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ವರ್ಷವಿಡೀ ನೋಟುಬುಕ್ಕಿನಲ್ಲಿ ಕೆಂಪು ಇಂಟು ಕಂಡು ಮುಖ ಸಣ್ಣದು ಮಾಡಿಕೊಂಡ ಮಗುವಿಗೆ, ಈ ಆಟದಲ್ಲಿ ಇಂಟುವೇ ಗಳಿಕೆ ಎಂದರೆ ನಂಬಿಕೆ ಬರುವುದು ಹೇಗೆ? ಕೊನೆಗೆ ಇಂಟು ಅಂದರೆ ‘ಬಾಗಿಲು ಹಾಕೇತಿ’ ಎಂದು ಒಪ್ಪಂದವಾಯಿತು. ಪಟಪಟನೆ ಎರಡು ಬಾಗಿಲು ಹಾಕಿದಳು.

“ಈಗ ಮುದ್ದೇಬಿಹಾಳದ ಕಂಬ ನೋಡು. ಎಷ್ಟು ಬಾಗಿಲು ಹಾಕ್ಯಾವ?”

“ಎರಡು.”

“ಯಾರರೆ ಒಬ್ಬರು ಅಲ್ಲಿಗಿ ಹೋಗಲೇಬೇಕು ಅಂದ್ರ?”

ಸುಮ್ಮನೆ ಕೂತಳು. ನಾನೂ ಸುಮ್ಮನಿದ್ದೆ. ಈ ಸುಮ್ಮನಿರುವುದು ಇಡೀ ಕೆಲಸದಲ್ಲಿ ಅತಿ ಕಷ್ಟದ್ದು. ನಾಲಗೆಯ ತುದಿಗೆ ಅತ್ತಿ ಬಂದು ನಿಂತಿದ್ದಳು. ಅಷ್ಟರಲ್ಲಿ “ಅತ್ತಿ!” ಎಂದು ಕೂಗಿ ರೈಟ್ ಹಾಕಿದಳು. “ಅತ್ತಿ ಅಲ್ಲಿದ್ರ ಮತ್ತ ಇಂಡ್ಯಾಗ ಇರ್ತಾಳೇನು?” ಎಂದು ಕೇಳಿದ್ದಕ್ಕೆ ನಕ್ಕು, ಅತ್ತಿಯ ಸಾಲಿನ ಉಳಿದೆರಡು ಬಾಗಿಲೂ ಹಾಕಿದಳು. ನಾನು ಒಳಗೇ ಭಾಸ್ಕರಾಚಾರ್ಯನಾದೆ.

“ಮೂರನೇ ಸುಳಿವು ಓದು.”

“ಅತ್ತಿ ಸಿಂದಗಿಗಿ ಹೋಗಿಲ್ಲ.” ತಲೆ ಎತ್ತಿದಳು. “ಅಪ್ಪಾ, ಈ ಬಾಗಿಲು ಹಾಕೇ ಐತಿ.”

ಹಾಕಿಯೇ ಇತ್ತು. ಉಳಿದದ್ದು ಕಾಕಾ ಮತ್ತು ಮಾವ, ಇಂಡಿ ಮತ್ತು ಸಿಂದಗಿ: ಎರಡಕ್ಕೆರಡು, ಚೌಕವಾಗಿ ನಾಲ್ಕು ಖಾಲಿ ಮನಿ. ಕಾಕಾ ಇಂಡಿ, ಮಾವ ಸಿಂದಗಿ ಎಂದರೂ ನಡೆಯುತ್ತದೆ. ಅದಲುಬದಲು ಮಾಡಿದರೂ ನಡೆಯುತ್ತದೆ.

ರಾತ್ರಿ ಲೆಕ್ಕ ಹಾಕಿ ನೋಡಿದಾಗ ನನ್ನ ಘನಕಾರ್ಯ ಪೂರ್ತಿ ಬಯಲಾಯಿತು. ಮೂವರನ್ನು ಮೂರು ಊರಿಗೆ ಕಳಿಸುವ ಬಗೆ ಒಟ್ಟು ಆರೇ ಆರು. ಅವನ್ನು ಬರೆದಿಟ್ಟುಕೊಂಡು ಒಂದೊಂದೇ ಸುಳಿವಿನಿಂದ ಹೊಡೆದುಹಾಕುತ್ತಾ ಹೋದರೆ ಕೊನೆಗೆ ಒಂದೇ ಉಳಿಯಬೇಕು. ನನ್ನ ಮೊದಲ ಸುಳಿವು ಎರಡನ್ನು ಹೊಡೆಯಿತು, ಎರಡನೆಯದು ಇನ್ನೆರಡನ್ನು. ಮೂರನೆಯದು ಒಂದನ್ನೂ ಹೊಡೆಯಲಿಲ್ಲ, ಮದುವೆಯಲ್ಲಿ ಬರೀ ಊಟಕ್ಕೆ ಬಂದವರ ಹಾಗೆ ಬಂದು ಕೂತಿತ್ತು. ಕಾಕಾ ಸಿಂದಗಿಗೆ, ಮಾವ ಇಂಡಿಗೆ ಎಂದು ನನಗೆ ಮೊದಲೇ ಗೊತ್ತಿತ್ತಲ್ಲ, ಸುಳಿವು ಸಾಲದ್ದು ಕಣ್ಣಿಗೆ ಬೀಳಲೇ ಇಲ್ಲ. ಆ ನಾಲ್ಕರಲ್ಲಿ ಯಾವುದೇ ಒಂದು ಮನಿಗೆ ಇಂಟು ಬೀಳುವಂಥ ಸುಳಿವು ಕೊಟ್ಟಿದ್ದರೆ ಉಳಿದ ಮೂರೂ ತಾವೇ ತುಂಬಿಕೊಳ್ಳುತ್ತಿದ್ದವು.

ಇದು ರಾತ್ರಿಯ ಜ್ಞಾನ. ಆ ಹೊತ್ತಿನಲ್ಲಿ ನಾನು ಗಂಟಲು ಸರಿಮಾಡಿಕೊಂಡು, “ಕಾಕಾ ಇಂಡಿಗಿ ಹೋಗಿಲ್ಲ” ಎಂದೆ.

“ಹಂಗಂತ ಎಲ್ಲಿ ಬರ್ದೈತಿ?”

“ಬರ್ದಿಲ್ಲ. ನನಗ ಗೊತ್ತೈತಿ.”

“ಸುಳಿವಿನ್ಯಾಗ ಇದ್ದದ್ದು ಅಷ್ಟ, ಅಪ್ಪಾ.” ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾನು ಆಕೆಗೆ ತೋರಿಸಿದ್ದ ಅದೇ ತಾಳ್ಮೆ. “ಯಾರಿಗೆ ಕೇಳಿದ್ರ ಗೊತ್ತಾಗ್ತೈತಿ ಹೇಳು ನೋಡೂಣು?”

ಕಾಕಾಗೆ ಫೋನ್ ಹಚ್ಚಿದೆವು. ಸ್ಪೀಕರ್ ಹಾಕೆಂದಳು.

“ಎಲ್ಲಿ ಸಿಂದಗಿ ತಗಿಯೋ! ಬಸ್ಸು ತಪ್ಪಿತು, ಇಲ್ಲೇ ಹಿಪ್ಪರಗಿ ಸ್ಟ್ಯಾಂಡಿನ್ಯಾಗ ಚಾ ಕುಡ್ಯಾಕತ್ತೀನಿ” ಎಂದ ಕಾಕಾ.

ಮಗಳು ಸ್ಕೇಲು ತಂದು ನಾಲ್ಕನೆಯ ಕಂಬ ಎಳೆದು ‘ಸ್ಟ್ಯಾಂಡ್’ ಎಂದು ಬರೆದಳು. ಕಾಕಾಗೆ ಅಲ್ಲೊಂದು ರೈಟ್. ಅತ್ತಿಯ ರೈಟ್ ಅಳಿಸಲಿಲ್ಲ. ಮುದ್ದೇಬಿಹಾಳ ಮುಟ್ಟಿದೆನೆಂದು ಆಕೆಯ ಫೋನು ಆಗಲೇ ಬಂದಿತ್ತು. ಆದರೆ ಊರು ನಾಲ್ಕಾಗಿ ಮಂದಿ ಮೂವರೇ ಉಳಿದರೆ ‘ಯಾರರೆ ಒಬ್ಬರು ಹೋಗಲೇಬೇಕು’ ಎಂಬ ಮಾತೇ ಬಿದ್ದುಹೋಗುತ್ತದೆ. ಎರಡೂ ಕಡೆ ಸಮ ಇರಬೇಕು ಎಂದು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಕೆಳಗೊಂದು ಸಾಲು ಸೇರಿಸಿ ‘ಅಪ್ಪ’ ಎಂದು ಬರೆದಾಗಿತ್ತು.

ಬಾಗಿಲು ಹಾಕುತ್ತಾ ಬಂದಳು. ಕೊನೆಗೆ ಮತ್ತೆ ಅದೇ ಚೌಕ: ಮಾವ, ಅಪ್ಪ, ಇಂಡಿ, ಸಿಂದಗಿ. ನಾಲ್ಕು ಖಾಲಿ ಮನಿ.

“ಅವ್ವಾ, ಅಪ್ಪ ಎಲ್ಲಿಗಿ ಹೋಗ್ತಾನ?” ಅಡುಗೆಮನೆಯ ಕಡೆ ಕೂಗಿದಳು.

“ಎಲ್ಲಿಗರೆ ಹೋಗ್ಲಿ,” ರೊಟ್ಟಿ ಬಡಿಯುವ ಸದ್ದಿನ ನಡುವೆ ಉತ್ತರ ಬಂತು, “ಬರೂ ಮುಂದ ಉಪ್ಪಿನಕಾಯಿಗಿ ನಿಂಬಿಕಾಯಿ ತರ್ಲಿ.”

ನಿಂಬೆ ಎಂದರೆ ಯಾವ ಊರು ಎಂದು ನಮ್ಮ ಕಡೆ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಇಂಡಿಯ ಕೆಳಗೆ ನನಗೊಂದು ರೈಟ್ ಬಿತ್ತು, ಮಾವ ಸಿಂದಗಿಗೆ ಹೋದ. ಮಗಳು ನನ್ನ ಕೈಗೆ ಚೀಲ ಕೊಟ್ಟಳು.