ಪಂಪಿನ ವಿಶ್ರಾಂತಿ

ಹೊಸೂರಿನ ಒಂದು ಕಾರ್ಖಾನೆಯ ತ್ಯಾಜ್ಯಜಲವು ರಾತ್ರಿಯೆಲ್ಲ ನೆರೆಯ ಕೆರೆಗೆ ಹರಿದು, ಬೆಳಗಾಗುವಷ್ಟರಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಲಾಗಿ, 1974ರ ಜಲಕಾಯಿದೆಯ 31ನೆಯ ಪ್ರಕರಣದಂತೆ ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಡನೆಯೇ ತಿಳಿಸತಕ್ಕ ವರದಿಯನ್ನು ರಚಿಸಲು ವ್ಯವಸ್ಥಾಪಕರೂ ವೃದ್ಧ ಗುಮಾಸ್ತರಾದ ರಾಯರೂ ಕುಳಿತರು. ಮೀನುಗಳು ತಮ್ಮ ವರದಿಯನ್ನು ಆಗಲೇ ಸಲ್ಲಿಸಿದ್ದವು.

"ಪರಿಮಾಣ ಅತ್ಯಲ್ಪವೆಂದು ಬರೆಯಿರಿ, ರಾಯರೆ."

"ಅತ್ಯಲ್ಪಕ್ಕೆ ಎಷ್ಟು ಲೀಟರು, ಸ್ವಾಮಿ? ಶುದ್ಧೀಕರಣ ಘಟಕದ ಪಂಪು ರಾತ್ರಿ 10ಕ್ಕೆ ನಿಂತು ಬೆಳಿಗ್ಗೆ 6ಕ್ಕೆ ಎದ್ದಿತೆಂದು ದಿನಚರಿಯ ಪುಸ್ತಕವೇ ಸಾರುತ್ತದೆ. ಗಂಟೆಗೆ 8,000 ಲೀಟರಿನಂತೆ ಬಂದದ್ದು 64,000, ತೊಟ್ಟಿಯಲ್ಲಿ ತೆರವಿದ್ದುದು 16,000, ಮಿಕ್ಕ 48,000 ಕೆರೆಯ ಪಾಲು."

"ಅವಧಿ, ಕ್ಷಣಕಾಲ?"

"ತೊಟ್ಟಿ ತುಂಬಲು ಎರಡು ಗಂಟೆ ಹಿಡಿದರೂ ಹರಿದದ್ದು ಆರು ಗಂಟೆ. ಕ್ಷಣಕ್ಕೆ ಇಂಥ ದೀರ್ಘಾಯುಷ್ಯ ಪುರಾಣಗಳಲ್ಲಿಯೂ ಇಲ್ಲ."

"ಕಾರಣವನ್ನಾದರೂ ಬೆಂಗಳೂರಿನ ತಲೆಗೆ ಕಟ್ಟೋಣ, ಕೆಲವರಪಳ್ಳಿ ಜಲಾಶಯದ ನೊರೆಯ ತವರು ಅದೇ ಎಂಬುದು ಲೋಕವಿದಿತ."

"ಆ ನೊರೆ ದಕ್ಷಿಣ ಪಿನಾಕಿನಿಯಲ್ಲಿ ಬರುವುದು, ಸ್ವಾಮಿ, ನಮ್ಮ ಕೆರೆಗೆ ಆ ನದಿಯ ನಂಟಿಲ್ಲ."

"ವಿದ್ಯುತ್ತು ಹೋಗಿತ್ತೆಂದರೆ?"

"ಅದೇ ರಾತ್ರಿ ಉತ್ಪಾದನೆ ಎಡೆಬಿಡದೆ ನಡೆಯಿತೆಂದು ಪಾಳಿಯ ಪುಸ್ತಕದಲ್ಲಿ ತಮ್ಮದೇ ಅಭಿನಂದನೆಯಿದೆ. ಬದಲಿ ಪಂಪು ಮೂರು ತಿಂಗಳಿಂದ ದುರಸ್ತಿಯ ಅಂಗಡಿಯಲ್ಲಿದೆ. ಬಿಲ್ಲಿಗೆ ರುಜು ಹಾಕದವರೂ ತಾವೇ."

ವ್ಯವಸ್ಥಾಪಕರು ಬಹುಕಾಲ ಧ್ಯಾನಸ್ಥರಾಗಿದ್ದು, ಕಡೆಗೆ ಸ್ವಹಸ್ತದಿಂದ ಬರೆದರು: "ಕಾರಣ: ಪಂಪಿನ ಅನಿರೀಕ್ಷಿತ ವಿಶ್ರಾಂತಿ."