ಸೂಕ್ತ ಗೌರವಧನ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಎಚ್‌ಆರ್ ಮ್ಯಾನೇಜರ್. ಇಪ್ಪತ್ತೆರಡು ವರ್ಷದಿಂದ ಪತ್ರ ಬರೆಯುವುದೇ ನನ್ನ ಕಸುಬು ಎಂದು ನಂಬಿದ್ದೆ. ಆ ನಂಬಿಕೆ ಹೋದದ್ದು ನಮ್ಮ ಮನೆಯ ಊಟದ ಮೇಜಿನ ಮೇಲೆ, ಅದೂ ಅಡುಗೆ ಭಟ್ಟರ ದೆಸೆಯಿಂದ.

ನಮ್ಮ ಪ್ಯಾಕಿಂಗ್ ವಿಭಾಗದಲ್ಲಿ ನಲವತ್ತು ಜನ. ವಾರಕ್ಕೆ ಇಬ್ಬರಾದರೂ ಸೊಂಟ ಹಿಡಿದುಕೊಂಡು ರಜೆ ಚೀಟಿ ತರುತ್ತಿದ್ದರು. ಹೊರಗಿನಿಂದ ಒಬ್ಬ ಫಿಸಿಯೋಥೆರಪಿಸ್ಟರನ್ನು ಕರೆಸಿ ತರಬೇತಿ ಕೊಡಿಸೋಣ ಎಂದು ಮೇಲಿನವರು ಹೇಳಿದರು. ನಾನು ಎರಡು ಪುಟದ ಪತ್ರ ಬರೆದೆ. ಒಂದೂವರೆ ಪುಟ ಕಂಪನಿಯ ಇತಿಹಾಸ. ಉಳಿದರ್ಧದಲ್ಲಿ, ‘ನಮ್ಮ ಉದ್ಯೋಗಿಗಳಿಗೆ ಬೆನ್ನಿನ ಆರೋಗ್ಯದ ಕುರಿತು ಮುಂದಿನ ಶುಕ್ರವಾರ ಮಧ್ಯಾಹ್ನ ತಾವು ಉಪನ್ಯಾಸ ನೀಡಬೇಕಾಗಿ ವಿನಂತಿ. ಸೂಕ್ತ ಗೌರವಧನ ನೀಡಲಾಗುವುದು.’ ಕೊನೆಯ ವಾಕ್ಯವನ್ನು ಎರಡು ಸಲ ಓದಿ ನನಗೆ ನಾನೇ ತಲೆದೂಗಿದ್ದೆ.

ಪತ್ರ ಕಳಿಸಿದ್ದು ಬುಧವಾರ. ಮುಂದಿನ ಶುಕ್ರವಾರವೆಂದರೆ ನನಗೆ ಒಂಬತ್ತು ದಿನದ ಆಚೆಗಿನದು, ಅವರಿಗೆ ನಾಡಿದ್ದಿನದು. ಪಾಪ, ಆಕೆ ಎರಡು ರಾತ್ರಿ ನಿದ್ದೆಗೆಟ್ಟು ಅರವತ್ತೆರಡು ಸ್ಲೈಡ್ ಮಾಡಿಕೊಂಡು ನಾಡಿದ್ದೇ ಗೇಟಿಗೆ ಬಂದು ನಿಂತರು. ಅಂದು ತಿಂಗಳ ಕೊನೆ. ಲಾರಿಗಳು ಸಾಲುಗಟ್ಟಿದ್ದವು. ಡಿಸ್‌ಪ್ಯಾಚಿನವರು ಒಬ್ಬ ಆಳನ್ನೂ ಬಿಡುವುದಿಲ್ಲವೆಂದು ಕೂತರು. ಕೈಕಾಲು ಹಿಡಿದು ಹದಿನೆಂಟು ಜನರನ್ನು ಕ್ಯಾಂಟೀನಿಗೆ ತಂದೆ. ಅವರಲ್ಲಿ ಆರು ಜನ ರಾತ್ರಿಯಿಡೀ ದುಡಿದವರು, ಕೂತಲ್ಲೇ ಗೊರಕೆ.

ಮೊದಲ ಸ್ಲೈಡಿನಲ್ಲಿ ಕುರ್ಚಿ. ಎರಡನೆಯದರಲ್ಲಿ ಕಂಪ್ಯೂಟರ್ ಪರದೆ ಕಣ್ಣಿನ ಮಟ್ಟಕ್ಕಿರಬೇಕೆಂದು. ಮೂರನೆಯದರಲ್ಲಿ ಮತ್ತೆ ಕುರ್ಚಿ, ಬೇರೆ ಕೋನದಿಂದ. ಎಲ್ಲ ಇಂಗ್ಲಿಷಿನಲ್ಲಿ. ಇಡೀ ಪ್ಯಾಕಿಂಗ್ ವಿಭಾಗಕ್ಕೆ ಇರುವುದು ಒಂದೇ ಕುರ್ಚಿ, ಅದರಲ್ಲಿ ಸೂಪರ್‌ವೈಸರ್ ಕೂರುತ್ತಾರೆ. ಹಿಂದಿನ ಸಾಲಿನ ಹುಡುಗನೊಬ್ಬ, “ಸಾರ್, ನಮಗೆ ಈ ಕುರ್ಚಿ ಯಾವಾಗ ಕೊಡ್ತಾರೆ?” ಎಂದು ಕೇಳಿದ. ಆಕೆ ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ. ತಪ್ಪು ಅವರದಲ್ಲ. ಉದ್ಯೋಗಿ ಎಂದರೆ ಮೇಜಿನ ಮುಂದೆ ಕೂರುವವನೆಂದು ಯಾರಾದರೂ ತಿಳಿಯುತ್ತಾರೆ.

ಸೂಕ್ತ ಗೌರವಧನದ ಕತೆ ಇನ್ನೂ ಸೊಗಸು. ಅವರ ಮನಸ್ಸಿನಲ್ಲಿ ಹತ್ತು ಸಾವಿರ ಇತ್ತಂತೆ. ನಮ್ಮ ಅಕೌಂಟ್ಸಿನ ಪ್ರಕಾರ ಸೂಕ್ತವೆಂದರೆ ಐದು ಸಾವಿರ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಅದರಲ್ಲೂ ಶೇಕಡ 10ರಂತೆ ಐನೂರು ಮುರಿದುಕೊಂಡು ತೆರಿಗೆ ಎಂದರು. ವರ್ಷದಲ್ಲಿ ಒಬ್ಬ ವೃತ್ತಿಪರರಿಗೆ ಕೊಟ್ಟ ಶುಲ್ಕ ಒಂದು ಮಿತಿ ದಾಟಿದರೆ ಮಾತ್ರ ಆ ಮುರಿತ. ಮೊದಲು 30 ಸಾವಿರವಿದ್ದ ಮಿತಿ 2025ರ ಏಪ್ರಿಲ್‌ನಿಂದ 50 ಸಾವಿರ. ಇದನ್ನು ನಾನು ತಿಳಿದುಕೊಂಡಿದ್ದು ಐನೂರು ಮುರಿದಾದ ಮೇಲೆ. ಪ್ಯಾನ್ ಕಾರ್ಡ್, ರದ್ದು ಮಾಡಿದ ಚೆಕ್ಕು ಎಂದು ಒಂದೊಂದೇ ಕೇಳುತ್ತಾ ಆರು ವಾರ ಕಳೆದೆವು. ಶಾಲು ಮಾತ್ರ ಅಂದೇ ತಲುಪಿತು.

ಮೇಲಿನವರು ಮತ್ತೊಮ್ಮೆ ಕರೆಸಿ ಎಂದರು. ಆ ರಾತ್ರಿ ಊಟದ ಮೇಜಿನ ಮೇಲೆ ಹೊಸ ಪತ್ರ ಹರಡಿಕೊಂಡು ಕೂತಿದ್ದೆ. ಪಕ್ಕದಲ್ಲೇ ನನ್ನ ಹೆಂಡತಿ ನಮ್ಮಮ್ಮನ ಸಹಸ್ರಚಂದ್ರ ದರ್ಶನ ಶಾಂತಿಗೆ ಅಡುಗೆ ಭಟ್ಟರಿಗೆ ಫೋನ್ ಮಾಡುತ್ತಿದ್ದಳು.

“ಭಟ್ರೇ, ಬರೋ ತಿಂಗಳಲ್ಲ, ಅದರಾಚೆ ತಿಂಗಳು ಹನ್ನೆರಡು, ಭಾನುವಾರ. ಮಧ್ಯಾಹ್ನದ ಊಟ ಮಾತ್ರ. ನೂರಿಪ್ಪತ್ತು ಎಲೆ. ಮುಕ್ಕಾಲು ಪಾಲು ಅರವತ್ತು ದಾಟಿದವರು, ಖಾರ ಕಮ್ಮಿ ಇರಲಿ, ಹೋಳು ಮೆತ್ತಗೆ ಬೇಯಲಿ. ಒಂದೂವರೆಗೆ ಮೊದಲ ಪಂಕ್ತಿ ಕೂರಬೇಕು. ಸಾಮಾನು ನಮ್ಮದು, ಪಾತ್ರೆ, ಕೈಯಾಳು ನಿಮ್ಮದು. ಎಷ್ಟು ಕೊಡಲಿ? ಟೆಂಪೋ ಬಾಡಿಗೆ ಅದರೊಳಗೋ, ಹೊರಗೋ? ಸರಿ, ನಾಳೆ ಅಡ್ವಾನ್ಸ್ ಹಾಕ್ತೀನಿ.”

ಮೂರು ನಿಮಿಷ. ಫೋನ್ ಇಟ್ಟು ನನ್ನ ಪತ್ರ ಎಳೆದುಕೊಂಡಳು.

“ರೀ, ಎಷ್ಟು ಎಲೆ?”

“ಏನು?”

“ಕೇಳೋಕೆ ಬರೋರು ಎಷ್ಟು ಜನ? ಅವರಿಗೆ ಹಲ್ಲಿದೆಯಾ ಇಲ್ವಾ? ಏನು ಎತ್ತುತ್ತಾರೆ, ಎಷ್ಟು ಭಾರ, ಎಲ್ಲಿಂದ ಎಲ್ಲಿಗೆ? ಇದ್ಯಾವುದೂ ಹೇಳದೆ ಬೆನ್ನಿನ ಆರೋಗ್ಯ ಅಂದ್ರೆ, ಭಟ್ರಿಗೆ ಏನಾದ್ರೂ ಮಾಡಿ ಹಾಕಿ ಅಂದ ಹಾಗಾಯ್ತು.”

ನನಗೆ ಉತ್ತರ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಪ್ಯಾಕಿಂಗಿನವರು ಎತ್ತುವ ಪೆಟ್ಟಿಗೆಯನ್ನು ತೂಗಿ ನೋಡಿರಲಿಲ್ಲ. ಮರುದಿನ ಹೋಗಿ ತೂಗಿಸಿದೆ, 22 ಕಿಲೋ. ನೆಲದ ಮೇಲಿನ ಹಲಗೆಯಿಂದ ಎತ್ತಿ, ಸೊಂಟ ತಿರುಚಿ, ಎದೆಯೆತ್ತರದ ಟ್ರಾಲಿಗೆ ಇಡುತ್ತಾರೆ. ಒಬ್ಬೊಬ್ಬ ಪಾಳಿಗೆ ಸುಮಾರು ಇನ್ನೂರು ಸಲ. ಮಾತು ಕನ್ನಡ, ಹಿಂದಿ, ಒಂದಿಷ್ಟು ಒಡಿಯಾ.

ಹೊಸ ಪತ್ರ ಅರ್ಧ ಪುಟಕ್ಕೆ ಇಳಿಯಿತು. ಕಂಪನಿಯ ಇತಿಹಾಸವನ್ನು ಹೆಂಡತಿ ಒಂದೇ ಗೀಟಿನಲ್ಲಿ ಹೊಡೆದಳು. ವಿಷಯ, ‘ನೆಲದಿಂದ 22 ಕಿಲೋ ಪೆಟ್ಟಿಗೆ ಎತ್ತಿ ಟ್ರಾಲಿಗೆ ಇಡುವಾಗ ಸೊಂಟ ಉಳಿಸಿಕೊಳ್ಳುವುದು’ ಎಂದಾಯಿತು. ಸ್ಲೈಡ್ ಬೇಡ, ಖಾಲಿ ಜಾಗ, ನಾಲ್ಕು ಪೆಟ್ಟಿಗೆ, ಹಿಂದಿ, ಒಡಿಯಾ ಬಲ್ಲ ಒಬ್ಬ ಹುಡುಗ ಸಿದ್ಧ ಎಂದು ಬರೆದೆವು. ನಲವತ್ತೂ ಜನ ಒಟ್ಟಿಗೆ ಬಂದರೆ ಕೆಲಸ ನಿಲ್ಲುವುದರಿಂದ ಇಪ್ಪತ್ತಿಪ್ಪತ್ತರ ಎರಡು ತಂಡ. ಬೆಳಗಿನ ಪಾಳಿಯವರಿಗೆ ಒಂದರಿಂದ ಎರಡು, ಎರಡು ಗಂಟೆಗೆ ಬರುವವರಿಗೆ ಎರಡರಿಂದ ಮೂರು. ತಾರೀಕನ್ನು ತಿಂಗಳ ಹತ್ತರೊಳಗೆ, ಲಾರಿ ಕಮ್ಮಿ ಇರುವ ಮಂಗಳವಾರಕ್ಕೆ ಇಟ್ಟು, ವಾರದ ಜೊತೆ ದಿನಾಂಕವನ್ನೂ ಬರೆದೆ. ಮೂರು ವಾರ ಮುಂಚೆಯೇ ಕಳಿಸಿದೆ.

ಗೌರವಧನದ ಸಾಲಿನಲ್ಲಿ ಪೆನ್ನು ನಿಂತಿತು. ದುಡ್ಡಿನ ಮಾತನ್ನು ಬಿಡಿಸಿ ಬರೆದರೆ ಮರ್ಯಾದೆ ಅಲ್ಲವೇನೋ ಎಂಬ ಸಂಕೋಚ. “ಹೇಳದೇ ಇರೋದು ಮರ್ಯಾದೆನಾ? ಆ ತಾಯಿ ಕೇಳೋಕೂ ಆಗದೆ ಬಿಡೋಕೂ ಆಗದೆ ಒದ್ದಾಡಲಿ ಅಂತಾನಾ?” ಎಂದಳು. ‘ಎರಡೂ ತಂಡಕ್ಕೆ ಸೇರಿ 8,000 ರೂಪಾಯಿ, ಟ್ಯಾಕ್ಸಿ ಖರ್ಚು ಪ್ರತ್ಯೇಕ, ಹದಿನೈದು ದಿನದೊಳಗೆ ಬ್ಯಾಂಕಿಗೆ. ಪ್ಯಾನ್ ಮತ್ತು ಖಾತೆಯ ವಿವರವನ್ನು ಒಪ್ಪಿಗೆಯ ಜೊತೆಗೇ ಕಳಿಸಿ. ಇದು ಸಾಲದಿದ್ದರೆ ದಯವಿಟ್ಟು ಈಗಲೇ ತಿಳಿಸಿ.’ ಈ ಮೊತ್ತಕ್ಕೆ ಅಕೌಂಟ್ಸಿನಿಂದ ಮೊದಲೇ ಸಹಿ ಹಾಕಿಸಿದೆ. ಶಾಲು ರದ್ದು.

ಒಪ್ಪಿಗೆ ಮರುದಿನವೇ ಬಂತು, ಜೊತೆಗೆ ಒಂದು ಪ್ರಶ್ನೆ: ‘ಪೆಟ್ಟಿಗೆಗೆ ಹಿಡಿಕೆ ಇದೆಯೇ?’ ಇರಲಿಲ್ಲ. ತರಬೇತಿಯ ದಿನ ಅವರು ಪೆಟ್ಟಿಗೆಯನ್ನು ಮೈಗೆ ತಾಗಿಸಿ ಹಿಡಿದು ಎತ್ತಿ, ಸೊಂಟ ತಿರುಗಿಸದೆ ಪಾದವನ್ನೇ ತಿರುಗಿಸಿ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಹಲಗೆಯನ್ನು ಮೊಣಕಾಲೆತ್ತರಕ್ಕೆ ಏರಿಸದಿದ್ದರೆ ತಾನು ಇನ್ನೂ ಹತ್ತು ಸಲ ಬಂದರೂ ರಜೆ ಚೀಟಿ ನಿಲ್ಲುವುದಿಲ್ಲ ಎಂದರು. ತಪ್ಪಾಗಿ ಎತ್ತುವುದು ಹೇಗೆಂದು ತೋರಿಸಲು ಒಬ್ಬರು ಬನ್ನಿ ಎಂದಾಗ ನಲವತ್ತು ವರ್ಷದ ಅನುಭವಸ್ಥನಂತೆ ನಾನೇ ಮುಂದೆ ಹೋದೆ. ಅಡುಗೆಮನೆಯ ತುಂಬಿದ ಸಿಲಿಂಡರು, ಸುಮಾರು 30 ಕಿಲೋ, ಹೀಗೇ ಬಗ್ಗಿ ಎತ್ತುವುದು ನನ್ನ ರೂಢಿ. ಬಗ್ಗಿದೆ. ‘ನೋಡಿದಿರಾ, ಹೀಗೆ ಮಾಡಬಾರದು’ ಎಂದು ಅವರು ಹೇಳಿ ಮುಗಿಸಿದರೂ ನಾನು ಎದ್ದಿರಲಿಲ್ಲ. ಬಹಳ ಚೆನ್ನಾಗಿ ತೋರಿಸಿದಿರಿ ಎಂದು ಜನ ಚಪ್ಪಾಳೆ ತಟ್ಟಿದರು.

ಅದೇ ಟ್ಯಾಕ್ಸಿಯಲ್ಲಿ ಅವರೇ ನನ್ನನ್ನು ಮನೆಗೆ ಬಿಟ್ಟರು. ನಾಲ್ಕು ದಿನ ಮಲಗಿದೆ. ಐದನೆಯ ದಿನ ಎದ್ದು ಕೂತಾಗ ಕಾಫಿ ಲೋಟದ ಕೆಳಗೆ ಒಂದು ಚೀಟಿ ಇತ್ತು, ಹೆಂಡತಿಯ ಅಕ್ಷರದಲ್ಲಿ:

‘ವಿಷಯ: ಶಾಂತಿಗೆ ಮುಂಚೆ ಅಮ್ಮನ ಕೋಣೆಯ ಬೀರು ಜರುಗಿಸುವುದು. ಜನ: ನೀವು, ಪಕ್ಕದ ಮನೆ ಹುಡುಗ. ದಿನ: ಬರೋ ತಿಂಗಳು ಐದು, ಭಾನುವಾರ, ಬೆಳಗ್ಗೆ ಹತ್ತಕ್ಕೆ. ಗೌರವಧನ: ಹುಡುಗನಿಗೆ 200 ರೂಪಾಯಿ.’