ಮೊದಲ ಸಾಲಿಗೇ 108

ಬಾಗಿಲು ಹಾಕಿದ ಕ್ಲಿನಿಕ್ಕಿನ ಪರವಾಗಿ ವಾಟ್ಸಾಪ್ ಬಿಸಿನೆಸ್ ತಾನಾಗಿ ಕಳಿಸುವ ಉತ್ತರ ಎಷ್ಟೋ ಸಲ ಮದುವೆ ಕರೆಯೋಲೆಯಂತಿರುತ್ತದೆ: ನಮಸ್ಕಾರ, ಧನ್ಯವಾದ, ಡಾಕ್ಟರ ಪದವಿಗಳು, ಕೊನೆಗೆಲ್ಲೋ ತುರ್ತು ನಂಬರು. ಎದೆ ಹಿಡಿದುಕೊಂಡವರಿಗೆ ನೋಟಿಫಿಕೇಶನ್‌ನಲ್ಲಿ ಕಾಣುವುದು ಮೊದಲ ಒಂದೆರಡು ಸಾಲಷ್ಟೇ. ಆದ್ದರಿಂದ ಹೀಗೆ ಶುರುವಾಗಲಿ: ‘ತುರ್ತಾದರೆ 108ಕ್ಕೆ ಕರೆ ಮಾಡಿ; ನಿಮ್ಮ ಮೆಸೇಜನ್ನು ಈಗ ಯಾರೂ ನೋಡುತ್ತಿಲ್ಲ. ಕ್ಲಿನಿಕ್ ಸೋಮವಾರದಿಂದ ಶನಿವಾರ, ಬೆಳಿಗ್ಗೆ 10ರಿಂದ 1, ಸಂಜೆ 5ರಿಂದ 8.’ ನಮಸ್ಕಾರವಿಲ್ಲದೆ ಒರಟಾಯಿತಲ್ಲ ಎಂದರೆ, ಆಗಲಿ ಬಿಡಿ, ಕೆಮ್ಮಿನವರು ಕ್ಷಮಿಸುತ್ತಾರೆ. ನೆಗಡಿಗೂ 108 ಒತ್ತಿಯಾರು ಎಂಬ ಆಕ್ಷೇಪದಲ್ಲಿ ಮಾತ್ರ ಹುರುಳಿದೆ. ‘ತುರ್ತಾದರೆ’ ಬದಲು ‘ಎದೆನೋವು, ಉಸಿರಾಟದ ತೊಂದರೆ, ರಕ್ತಸ್ರಾವವಾದರೆ’ ಎಂದು ಬಿಡಿಸಿ ಬರೆದರಾಯಿತು. ಇಷ್ಟಾದರೂ, ಕ್ಲಿನಿಕ್ಕಿನ ಫೋನಿಗೆ ಇಂಟರ್ನೆಟ್ ಇದ್ದರಷ್ಟೇ ಉತ್ತರ ಹೊರಡುವುದು. ಕಾಂಪೌಂಡರ್ ಡೇಟಾ ಆಫ್ ಮಾಡಿ ಡ್ರಾಯರಿಗೆ ಬೀಗ ಹಾಕಿದರೆ, 108 ಎಂಬುದೂ ಒಳಗೇ ಉಳಿಯುತ್ತದೆ.